ಕೊಲೆಸ್ಟ್ರಾಲ್ ಮಾತ್ರೆ ಕಿಡ್ನಿ ಕೆಡಿಸುತ್ತದೆಯೇ? ಶುರುಮಾಡಿದರೆ ಬಿಡಲಾಗದೇ?

"ಸ್ಟಾಟಿನ್ ಮಾತ್ರೆ ಕಿಡ್ನಿ ಹಾಳುಮಾಡುತ್ತದೆ, ಒಮ್ಮೆ ತಗೊಂಡರೆ ಸಾಯೋವರೆಗೂ ಬಿಡಲಾಗದು" ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದನ್ನು ನಂಬಿದ ಘಾಟ್ಕೋಪರಿನ ಒಬ್ಬ ಹಿರಿಯರ ಕತೆಯಿಂದಲೇ ಶುರುಮಾಡುತ್ತೇನೆ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 63 ವರ್ಷ. ಸಕ್ಕರೆ ಕಾಯಿಲೆಯಿದೆ, ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ಅಂದಿನಿಂದ ರಾತ್ರಿ ಒಂದು ಅಟೋರ್ವಾಸ್ಟಾಟಿನ್. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 64ರಲ್ಲಿತ್ತು. ಒಮ್ಮೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2ರಿಂದ 1.6ಕ್ಕೆ ಏರಿದ್ದು ಕಂಡಿತು. ಅದೇ ವಾರ ಆ ಮೆಸೇಜ್ ಬಂತು. ಯಾರನ್ನೂ ಕೇಳದೆ ಸ್ಟಾಟಿನ್ ನಿಲ್ಲಿಸಿದರು.

ಆರು ವಾರ ಬಿಟ್ಟು ನನ್ನ ಹತ್ತಿರ ಬಂದಾಗ ಎಲ್‌ಡಿಎಲ್ 142 ಆಗಿತ್ತು. ಕ್ರಿಯಾಟಿನಿನ್ ಇಳಿದಿರಲಿಲ್ಲ, 1.8ಕ್ಕೆ ಏರಿತ್ತು. ಸ್ಟಾಟಿನ್ ನಿಂತ ಮೇಲೂ ಏರಿದೆ ಎಂದರೆ ಕಾರಣ ಬೇರೆಯೇ ಇರಬೇಕು. "ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದೆ. "ಏನಿಲ್ಲ ಡಾಕ್ಟ್ರೇ" ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ, "ಮೊಣಕಾಲಿಗೆ ಮೆಡಿಕಲ್‌ನಿಂದ ತಂದದ್ದು?" ಎಂದು ನೆನಪಿಸಿದರು. ಡೈಕ್ಲೋಫೆನಾಕ್, ದಿನಕ್ಕೆ ಎರಡು, ಎರಡು ತಿಂಗಳಿಂದ!

ಇಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಸಕ್ಕರೆ ಕಾಯಿಲೆ ಇದ್ದು, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಯೂ ಜೊತೆಗಿದ್ದರೆ ಪೆಟ್ಟು ಜೋರು. ನೋವಿನ ಮಾತ್ರೆ ನಿಲ್ಲಿಸಿದೆವು, ಸ್ಟಾಟಿನ್ ಮತ್ತೆ ಶುರುಮಾಡಿದೆವು. ಒಂದು ತಿಂಗಳಲ್ಲಿ ಕ್ರಿಯಾಟಿನಿನ್ 1.3, ಎಲ್‌ಡಿಎಲ್ 68. ಸ್ಟಾಟಿನ್ ತೆಗೆದುಕೊಳ್ಳುತ್ತಿರುವಾಗಲೇ ಕಿಡ್ನಿ ಸುಧಾರಿಸಿತು.

ಅಟೋರ್ವಾಸ್ಟಾಟಿನ್ ಕೆಲಸ ಮಾಡುವುದೂ ಹೊರಹೋಗುವುದೂ ಮುಖ್ಯವಾಗಿ ಲಿವರ್ ಮೂಲಕ. ಮೂತ್ರದಲ್ಲಿ ಹೋಗುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಹಾಗಾಗಿ ಕಿಡ್ನಿ ಕಾಯಿಲೆ ಇದ್ದವರಿಗೂ ಇದರ ಪ್ರಮಾಣ ಇಳಿಸಬೇಕಿಲ್ಲ. ರೋಸುವಾಸ್ಟಾಟಿನ್ ಹಾಗಲ್ಲ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಅದನ್ನು ದಿನಕ್ಕೆ 10 ಮಿಲಿಗ್ರಾಂ ದಾಟಿಸಬಾರದು. 2011ರಲ್ಲಿ ಪ್ರಕಟವಾದ ಶಾರ್ಪ್ ಎಂಬ ಅಧ್ಯಯನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಿಡ್ನಿ ರೋಗಿಗಳಿದ್ದರು. ಸ್ಟಾಟಿನ್ ಸೇರಿದ ಔಷಧ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳು ಕಡಿಮೆಯಾದವು, ಕಿಡ್ನಿ ಬೇಗ ಕೆಡಲಿಲ್ಲ.

ಹಾಗಾದರೆ ಈ ಸುದ್ದಿ ಎಲ್ಲಿಂದ ಹುಟ್ಟಿತು? ಅದರಲ್ಲಿ ಒಂದು ಎಳೆ ನಿಜವಿದೆ. ಬಹಳ ಅಪರೂಪಕ್ಕೆ, ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ, ಸ್ಟಾಟಿನ್‌ನಿಂದ ಸ್ನಾಯು ಕರಗುತ್ತದೆ. ಆ ಕರಗಿದ ಅಂಶ ಕಿಡ್ನಿಗೆ ಹಾನಿ ಮಾಡಬಲ್ಲದು. ಎರಡೂ ತೊಡೆ, ಭುಜಗಳಲ್ಲಿ ತಡೆಯಲಾರದ ನೋವು, ಕುಳಿತಲ್ಲಿಂದ ಏಳಲಾಗದ ನಿಶ್ಶಕ್ತಿ, ಕಪ್ಪು ಚಹಾ ಬಣ್ಣದ ಮೂತ್ರ ಇದರ ಗುರುತು. ಹೀಗಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಕ್ಲಾರಿಥ್ರೋಮೈಸಿನ್‌ನಂಥ ಕೆಲವು ಆಂಟಿಬಯಾಟಿಕ್ ಜೊತೆ ಈ ಅಪಾಯ ಹೆಚ್ಚು. ಆದ್ದರಿಂದ ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ "ನಾನು ಸ್ಟಾಟಿನ್ ತೆಗೆದುಕೊಳ್ಳುತ್ತೇನೆ" ಎಂದು ಹೇಳಿ.

ಇನ್ನು "ಬಿಡಲಾಗದು" ಎಂಬ ಮಾತು. ಸ್ಟಾಟಿನ್ ಚಟ ಹಿಡಿಸುವುದಿಲ್ಲ. ನಿಲ್ಲಿಸಿದ ದಿನ ಮೈ ನಡುಗುವುದಿಲ್ಲ, ಏನೂ ಗೊತ್ತೇ ಆಗುವುದಿಲ್ಲ. ಆದರೆ ಕೆಲವು ವಾರಗಳಲ್ಲಿ ಕೊಲೆಸ್ಟ್ರಾಲ್ ಹಳೆಯ ಮಟ್ಟಕ್ಕೆ ಮರಳುತ್ತದೆ. ಮುಂಬೈ ಮಳೆಯಲ್ಲಿ ಛತ್ರಿ ಮಡಚಿದರೆ ನೆನೆಯುತ್ತೇವೆ, ಅದು ಛತ್ರಿಯ ತಪ್ಪಲ್ಲ. ಹೃದಯಾಘಾತ ಆದವರಿಗೆ, ಸ್ಟೆಂಟ್ ಅಥವಾ ಬೈಪಾಸ್ ಆದವರಿಗೆ ಈ ಮಳೆ ನಿಲ್ಲುವುದಿಲ್ಲ. ಅದಕ್ಕೇ ದೀರ್ಘಕಾಲ ತೆಗೆದುಕೊಳ್ಳಿ ಎನ್ನುತ್ತೇವೆ.

ಹೃದಯದ ತೊಂದರೆ ಇಲ್ಲದೆ ಬರೀ ರಿಪೋರ್ಟ್ ನೋಡಿ ಶುರುಮಾಡಿದವರಾದರೆ, ತೂಕ ಇಳಿಸಿ ಊಟ ಬದಲಿಸಿದ ಮೇಲೆ ಇನ್ನೂ ಬೇಕೇ ಎಂದು ಡಾಕ್ಟರನ್ನು ಕೇಳಬಹುದು. ಗರ್ಭಿಣಿಯಾಗುವ ಯೋಚನೆ ಇದ್ದವರಿಗೆ ಸಾಮಾನ್ಯವಾಗಿ ನಾವೇ ನಿಲ್ಲಿಸುತ್ತೇವೆ. ಸ್ನಾಯು ನೋವು ಬಂದವರಿಗೆ ಕೆಲವು ವಾರ ಬಿಡಿಸಿ, ಕಡಿಮೆ ಪ್ರಮಾಣದಲ್ಲೋ ಬೇರೆ ಸ್ಟಾಟಿನ್‌ನಲ್ಲೋ ಮತ್ತೆ ಶುರುಮಾಡುತ್ತೇವೆ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇವತ್ತು ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ: ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದ್ದೀರಾ? ನೋವಿಗೆ ಏನು ತೆಗೆದುಕೊಳ್ಳುತ್ತಿದ್ದೀರಿ? ನಿಲ್ಲಿಸಿದ್ದರೆ ಬೈಯಬೇಡಿ. ಕ್ರಿಯಾಟಿನಿನ್, ಎಲ್‌ಡಿಎಲ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ, ಎಲ್ಲ ಮಾತ್ರೆಗಳ ಚೀಟಿಯೊಂದಿಗೆ ಈ ವಾರವೇ ಅವರ ಡಾಕ್ಟರ ಹತ್ತಿರ ಕಳುಹಿಸಿ.