ಬರಿದಾಗುತ್ತಿರುವ ಸಿಲಿಂಡರು ಮತ್ತು ನಾಲ್ಕು ದಿನದ ಅಡಿಗೆ

ಗದಗ ತಾಲ್ಲೂಕಿನ ಹೊಂಬಳದಲ್ಲಿ ಐದು ಜನರ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಸೋಮವಾರ ರಾತ್ರಿ ಅಡಿಗೆ ಮುಗಿಯುವ ಹೊತ್ತಿಗೆ ಅನಿಲದೊಲೆಯ ನೀಲಿ ಜ್ವಾಲೆ ಕುಗ್ಗಿ ಕೆಂಪಗಾಗತೊಡಗುತ್ತದೆ. ತುಂಬಿದ ಸಿಲಿಂಡರುಗಳ ಗಾಡಿ ಊರಿಗೆ ಬರುವುದು ಶುಕ್ರವಾರ ಸಂಜೆ. ಮಳೆಗಾಲವಾದುದರಿಂದ ಹಿತ್ತಿಲಲ್ಲಿ ಒಟ್ಟಿದ ಹತ್ತಿ ಕಟ್ಟಿಗೆಯೂ ತೊಯ್ದಿದೆ. ನಡುವಣ ನಾಲ್ಕು ದಿನಗಳನ್ನು ಈ ಮನೆಯವರು ಹೇಗೆ ಕಳೆಯಬೇಕು?

ಮೊದಲು ತಿಳಿಯಬೇಕಾದುದು, ಉಳಿದಿರುವ ಅನಿಲವೆಷ್ಟು ಎಂಬುದು. ಜ್ವಾಲೆಯನ್ನು ನೋಡಿ ಇದನ್ನು ಹೇಳಲಾಗದು. ಸಿಲಿಂಡರಿನೊಳಗೆ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವು ದ್ರವರೂಪದಲ್ಲಿದ್ದು, ಅದರ ಮೇಲೆ ಅದರದೇ ಆವಿ ತುಂಬಿರುತ್ತದೆ. ದ್ರವವು ಸ್ವಲ್ಪವಾದರೂ ಇರುವವರೆಗೆ ಆ ಆವಿಯ ಒತ್ತಡವನ್ನು ಮುಖ್ಯವಾಗಿ ನಿರ್ಧರಿಸುವುದು ಉಷ್ಣತೆಯೇ ಹೊರತು ದ್ರವದ ಮೊತ್ತವಲ್ಲ. ಆದುದರಿಂದಲೇ ಹದಿನಾಲ್ಕು ಕಿಲೋಗ್ರಾಂ ಇದ್ದಾಗಲೂ ಎರಡು ಕಿಲೋಗ್ರಾಂ ಇದ್ದಾಗಲೂ ಉರಿ ಒಂದೇ ತೆರನಾಗಿ ತೋರುವುದು. ಕೊನೆಯಲ್ಲಿ ಮಾತ್ರ ಸಂಗತಿ ಬೇರೆ. ದ್ರವವು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ತನ್ನಿಂದಲೂ ಸಿಲಿಂಡರಿನ ಗೋಡೆಯಿಂದಲೂ ಪಡೆಯುತ್ತದೆ. ತಳದಲ್ಲಿ ತೆಳುವಾಗಿ ನಿಂತ ದ್ರವಕ್ಕೆ ತಗಲಿದ ಗೋಡೆ ಕಡಿಮೆ. ಅದು ಬೇಗ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಇದಲ್ಲದೆ ಸುಲಭವಾಗಿ ಆವಿಯಾಗುವ ಪ್ರೊಪೇನು ಮುಂಚೆಯೇ ಹೆಚ್ಚಾಗಿ ಹೊರಟುಹೋಗಿ, ಉಳಿದುದರಲ್ಲಿ ಬ್ಯೂಟೇನಿನ ಪಾಲು ಹೆಚ್ಚಿರುತ್ತದೆ. ಒಲೆಯನ್ನು ಆರಿಸಿ ಗಂಟೆಹೊತ್ತು ಬಿಟ್ಟರೆ ದ್ರವವು ಕೋಣೆಯ ಶಾಖವನ್ನು ಹೀರಿಕೊಂಡು ಜ್ವಾಲೆ ಮತ್ತೆ ಚೇತರಿಸಿಕೊಳ್ಳುವುದು ಇದರಿಂದಲೇ.

ಇಲ್ಲಿಯೇ ಅನೇಕರು ಎಡವುವುದು. ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಕೆಲವರ ರೂಢಿ. ಮಲಗಿಸಿದಾಗ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು. ಒಂದು ಚಮಚೆ ದ್ರವ ಹರಡಿದರೆ ಇನ್ನೂರೈವತ್ತು ಚಮಚೆಯಷ್ಟು ಅನಿಲವಾಗುತ್ತದೆ; ಒಲೆಯಲ್ಲಿ ಆಗ ಏಳುವ ಜ್ವಾಲೆ ಅಡಿಗೆಯವರ ಸೆರಗನ್ನು ಮುಟ್ಟಬಲ್ಲುದು. ಬಿಸಿನೀರು ಒತ್ತಡವನ್ನು ಏರಿಸುವುದು ನಿಜ, ಎಷ್ಟು ಏರಿಸೀತೆಂಬುದು ಮಾತ್ರ ನಮ್ಮ ಹತೋಟಿಯಲ್ಲಿಲ್ಲ. ಹತ್ತಿಪ್ಪತ್ತು ಗ್ರಾಂ ಅನಿಲದ ಆಸೆಗೆ ಇವೆರಡನ್ನೂ ಮಾಡತಕ್ಕದ್ದಲ್ಲ.

ತೂಕವೇ ನಂಬತಕ್ಕ ಅಳತೆ. ಬರಿಯ ಸಿಲಿಂಡರಿನ ತೂಕವನ್ನು ಅದರ ಮೇಲ್ಭಾಗದಲ್ಲಿಯೇ ನಮೂದಿಸಿರುತ್ತಾರೆ. ರೆಗ್ಯುಲೇಟರನ್ನು ಮುಚ್ಚಿ ಕಳಚಿ, ಬಾಯಿಗೆ ಮುಚ್ಚಳ ಹಾಕಿ, ಕಾಳಿನ ಚೀಲ ತೂಗುವ ಕೊಕ್ಕೆಯ ತಕ್ಕಡಿಗೆ ಸಿಲಿಂಡರನ್ನು ತೂಗುಹಾಕಬೇಕು. ನಮ್ಮ ಉದಾಹರಣೆಯಲ್ಲಿ ನಮೂದಾದ ತೂಕ 15.8 ಕಿಲೋಗ್ರಾಂ, ತಕ್ಕಡಿ ತೋರಿದುದು 16.5. ಎಂದರೆ 700 ಗ್ರಾಂ ಉಳಿದಿದೆ. ತಕ್ಕಡಿಯಲ್ಲಿ ಐವತ್ತು ಗ್ರಾಂ ಹೆಚ್ಚುಕಡಿಮೆಯಾಗಬಹುದೆಂಬುದನ್ನು ಮರೆಯಲಾಗದು. ತುಂಬಿದ ಸಿಲಿಂಡರಿನ 14.2 ಕಿಲೋಗ್ರಾಂ ಈ ಮನೆಗೆ ನಲವತ್ತು ದಿನ ಬರುತ್ತಿದ್ದರೆ ದಿನವೊಂದಕ್ಕೆ 355 ಗ್ರಾಂ ಬೇಕು. ಆ ಲೆಕ್ಕದಲ್ಲಿ ಉಳಿದುದು ಎರಡು ದಿನದ್ದು ಮಾತ್ರ. ನಾಲ್ಕು ದಿನ ನಡೆಯಬೇಕಾದರೆ ದಿನಕ್ಕೆ 175 ಗ್ರಾಂ ಮೀರಕೂಡದು.

ಈಗ ಖರ್ಚಿನ ಕಡೆಯನ್ನು ನೋಡೋಣ. ಒಂದು ಗ್ರಾಂ ಅನಿಲ ಉರಿದಾಗ ಸುಮಾರು 46 ಕಿಲೋಜೂಲ್ ಶಾಖ ಹೊರಡುತ್ತದೆ. ಭಾರತೀಯ ಮಾನಕವು ಹೊಸ ಒಲೆಯಿಂದ ನೂರಕ್ಕೆ 68ರ ದಕ್ಷತೆಯನ್ನು ಅಪೇಕ್ಷಿಸುತ್ತದೆ. ಬಳಸಿದ ಒಲೆಯಲ್ಲಿ ನೂರಕ್ಕೆ ಅರುವತ್ತು ಪಾತ್ರೆಗೆ ಸೇರಿತೆಂದು ಹಿಡಿದರೆ ಗ್ರಾಮಿಗೆ 27 ಕಿಲೋಜೂಲ್ ನಮಗೆ ದಕ್ಕುತ್ತದೆ. ಗದಗ ಸೀಮೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು ಹೆಚ್ಚುಕಡಿಮೆ 98 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಲೀಟರು ನೀರನ್ನು 25 ಡಿಗ್ರಿಯಿಂದ ಅಲ್ಲಿಯವರೆಗೆ ಕಾಯಿಸಲು 11 ಗ್ರಾಂ ಅನಿಲ ಸಾಕು. ಅದೇ ನೀರನ್ನು ಪೂರ್ತಿ ಆವಿಯಾಗಿಸಲು 80 ಗ್ರಾಮಿಗೂ ಹೆಚ್ಚು ಬೇಕು! ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ಉಷ್ಣತೆ ಏರದು, ಆವಿ ಮಾತ್ರ ಹೆಚ್ಚುತ್ತದೆ. ತೆರೆದ ಬೋಗುಣಿಯಲ್ಲಿ ಬೇಳೆಯನ್ನು ಕೊತಕೊತನೆ ಕುದಿಸುವವರು ಅನಿಲದ ಬಹುಪಾಲನ್ನು ಮಾಡಿನ ಕಡೆಗೆ ಕಳುಹಿಸುತ್ತಿರುತ್ತಾರೆ.

ಆದುದರಿಂದ ಮಂಗಳವಾರದ ಅಡಿಗೆ ಸೋಮವಾರ ರಾತ್ರಿ ತೊಗರಿಬೇಳೆಯನ್ನು ನೆನೆಹಾಕುವುದರಿಂದಲೇ ಆರಂಭವಾಗಬೇಕು. ಬೆಳಿಗ್ಗೆ ಕುಕ್ಕರಿನ ಕೆಳಗಿನ ಡಬ್ಬಿಯಲ್ಲಿ ಬೇಳೆ, ಮೇಲಿನದರಲ್ಲಿ ಅರ್ಧ ಗಂಟೆ ನೆನೆದ ಅಕ್ಕಿ, ಅದರ ಮೇಲೆ ಒಂದೆರಡು ಬದನೆಕಾಯಿ. ಮೂರೂ ಒಂದೇ ಉರಿಯಲ್ಲಿ ಬೇಯುತ್ತವೆ. ಮೊದಲ ಸೀಟಿಯವರೆಗೆ ದೊಡ್ಡ ಉರಿ, ಅನಂತರ ಹತ್ತು ನಿಮಿಷ ಸಣ್ಣ ಉರಿ. ಬಳಿಕ ಒಲೆಯಿಂದ ಇಳಿಸಿ, ಉರಿಯಿಂದ ದೂರವಿಟ್ಟು, ಕಂಬಳಿ ಸುತ್ತಿಡಬೇಕು. ಅಕ್ಕಿಯ ಪಿಷ್ಟವು ಅರಳಲು ಸುಮಾರು 70 ಡಿಗ್ರಿ ಸಾಕಾದುದರಿಂದ ಒಳಗಿನ ಶಾಖವೇ ಉಳಿದ ಕೆಲಸವನ್ನು ಮುಗಿಸುತ್ತದೆ. ಇದಕ್ಕೆಲ್ಲ ತಗಲುವುದು ಸುಮಾರು 45 ಗ್ರಾಂ. ಎರಡು ಹೊತ್ತಿನ ಚಹಕ್ಕೆ 25, ಒಂದು ಲೀಟರು ಹಾಲಿಗೆ 12, ಒಗ್ಗರಣೆಗೆ 8 ಸೇರಿಸೋಣ. ಒಟ್ಟು 90.

ಇಷ್ಟರಲ್ಲಿ ರೊಟ್ಟಿ ಬಂದಿಲ್ಲ. ದೊಡ್ಡ ಬರ್ನರು ಗಂಟೆಗೆ ಸುಮಾರು 156 ಗ್ರಾಂ ಉರಿಸುತ್ತದೆ. ರೊಟ್ಟಿಗೆ ಎರಡೂವರೆ ನಿಮಿಷದಂತೆ ಹನ್ನೆರಡು ಜೋಳದ ರೊಟ್ಟಿಗೆ ಅರ್ಧ ಗಂಟೆ, ಎಂದರೆ 78 ಗ್ರಾಂ. ಈ ಅಡಿಗೆಮನೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ಕೆಲಸ ಇದು. ಒಬ್ಬರೇ ಬಡಿದು ಒಬ್ಬರೇ ಬೇಯಿಸಿದರೆ, ಮುಂದಿನ ರೊಟ್ಟಿ ಸಿದ್ಧವಾಗುವವರೆಗೆ ಹಂಚು ಬರಿದೇ ಕಾಯುತ್ತಿರುತ್ತದೆ. ಇಬ್ಬರು ಬಡಿಯಲು ಕುಳಿತು, ಎರಡು ಮೂರು ರೊಟ್ಟಿ ತಯಾರಾದ ಮೇಲೆ ಉರಿ ಹಚ್ಚಿದರೆ ಈ ನಷ್ಟ ತಪ್ಪುತ್ತದೆ. ಹಿಂದಿನವರು ಕಟ್ಟಿಗೆಯ ಒಲೆಯ ಮಗ್ಗುಲಿಗೆ ರೊಟ್ಟಿಗಳನ್ನು ಆನಿಸಿ ನಿಲ್ಲಿಸಿ, ವ್ಯರ್ಥವಾಗುವ ಶಾಖದಲ್ಲಿಯೇ ಅವನ್ನು ಖಡಕ್ ಮಾಡುತ್ತಿದ್ದರು. ಅನಿಲದೊಲೆಗೆ ಅಂಥ ಮಗ್ಗುಲಿಲ್ಲ. ಆದರೆ ಉರಿ ಆರಿಸಿದ ಹಂಚು ಇನ್ನೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ಕಡೆಯ ಎರಡು ಮೂರು ತೆಳು ರೊಟ್ಟಿಗಳನ್ನು ಅದರ ಮೇಲೆ ಬಿಟ್ಟರೆ ಗರಿಗರಿಯಾಗಿ ಸಂಜೆಗೆ ಕೆಡದೆ ಒದಗುತ್ತವೆ.

90ಕ್ಕೆ 78 ಕೂಡಿದರೆ 168 ಗ್ರಾಂ. ದಿನಕ್ಕೆ ಒಮ್ಮೆ ಮಾತ್ರ ಒಲೆ ಹಚ್ಚಿದರೆ ನಾಲ್ಕು ದಿನಕ್ಕೆ 672 ಗ್ರಾಂ. ಉಳಿಯುವುದು 28, ತಕ್ಕಡಿಯ ತಪ್ಪು ಇದಕ್ಕಿಂತ ದೊಡ್ಡದು. ಗುರುವಾರ ರೊಟ್ಟಿಯನ್ನು ಬಿಟ್ಟು ಅನ್ನ, ಬೇಳೆ, ಬದನೆಕಾಯಿಯಲ್ಲೇ ಊಟ ಮುಗಿಸಿದರೆ 78 ಗ್ರಾಂ ಕೈಯಲ್ಲಿರುತ್ತದೆ.

ಸಂಜೆಯ ಊಟಕ್ಕೆ ಉರಿ ಬೇಡವೇ? ಅವಲಕ್ಕಿ, ಚುರುಮುರಿ, ಪುಟಾಣಿ, ಇವನ್ನು ನಾವು ಬೇಯಿಸುವುದಿಲ್ಲವಾದರೂ ಇವು ಹಸಿಯಲ್ಲ. ಭಟ್ಟಿಯಲ್ಲಿ ಯಾರೋ ಮೊದಲೇ ಶಾಖ ಕೊಟ್ಟು ಪಿಷ್ಟವನ್ನು ಹದಗೊಳಿಸಿರುತ್ತಾರೆ. ಮಂಗಳವಾರ ತೆಳು ಅವಲಕ್ಕಿಗೆ ಮೊಸರು ಮತ್ತು ಶೇಂಗಾ ಹಿಂಡಿ ಕಲಸಬಹುದು. ಬುಧವಾರ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ತೊಳೆದ ಮೆಂತ್ಯೆ ಸೊಪ್ಪು. ಗುರುವಾರ ಎರಡು ಗಂಟೆ ನೆನೆದ ಹೆಸರುಬೇಳೆಯ ಕೋಸಂಬರಿಗೆ ಸೌತೆಕಾಯಿ, ಜೊತೆಗೆ ಚುರುಮುರಿ. ಮೊಳಕೆಯ ಹೆಸರುಕಾಳೂ ಆದೀತು, ಆದರೆ ಮಳೆಗಾಲದ ಸೆಕೆಯಲ್ಲಿ ಮೊಳಕೆಯೊಂದಿಗೆ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಲೋಳೆಯಾದ, ವಾಸನೆ ಬಂದ ಕಾಳನ್ನು ಎಸೆಯಬೇಕು, ಬಸುರಿಯರಿಗೂ ಕೂಸುಗಳಿಗೂ ಹಸಿಯ ಮೊಳಕೆಯನ್ನು ಕೊಡಬಾರದು. ರಾಜ್ಮಾದಂಥ ಕಾಳನ್ನಂತೂ ನೆನೆಸಿ ಹಸಿಯಾಗಿ ತಿನ್ನಲೇಬಾರದು; ಅದರಲ್ಲಿರುವ ನಂಜು ಚೆನ್ನಾಗಿ ಕುದಿಸಿದಾಗ ಮಾತ್ರ ಅಳಿಯುತ್ತದೆ. ಮಧ್ಯಾಹ್ನ ಮಿಕ್ಕ ಅನ್ನ ಬೇಳೆಗಳನ್ನು ಕಂಬಳಿಯೊಳಗೆ ಸಂಜೆಯವರೆಗೆ ಇಡುವುದೂ ಸಲ್ಲದು. 60 ಡಿಗ್ರಿಯಿಂದ ಕೆಳಗಿಳಿದ ಅನ್ನವು ಉಗುರುಬೆಚ್ಚಗಿದ್ದಷ್ಟು ಹೊತ್ತೂ ಕೆಡುತ್ತಿರುತ್ತದೆ.

ಶುಕ್ರವಾರ ಬೆಳಿಗ್ಗೆ ಕುಕ್ಕರು ಇಳಿಸುವ ಮುನ್ನ ಜ್ವಾಲೆ ಮತ್ತೆ ಕುಗ್ಗಬಹುದು. ಆಗ ಎರಡೂ ಬರ್ನರುಗಳನ್ನು ಹಚ್ಚದೆ, ಸಣ್ಣದೊಂದನ್ನೇ ಬಳಸಬೇಕು. ಆವಿಯನ್ನು ನಿಧಾನವಾಗಿ ಎಳೆದಷ್ಟೂ ದ್ರವ ತಣ್ಣಗಾಗುವುದು ಕಡಿಮೆ, ತಳದ ಕೊನೆಯ ಪಾಲೂ ಒಲೆಗೆ ಬಂದು ಸೇರುತ್ತದೆ. ಉರಿ ತಾನಾಗಿ ಆರಿದೊಡನೆ ಒಲೆಯ ತಿರುಪನ್ನೂ ರೆಗ್ಯುಲೇಟರನ್ನೂ ಮುಚ್ಚಬೇಕು. ತೆರೆದೇ ಬಿಟ್ಟರೆ ಸಿಲಿಂಡರು ಬೆಚ್ಚಗಾದಂತೆ ಉಳಿದ ಆವಿ ಉರಿಯಿಲ್ಲದ ಬರ್ನರಿನಿಂದ ಕೋಣೆಗೆ ಇಳಿಯುತ್ತದೆ, ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ.