ಊಟ ಆದ ತಕ್ಷಣ ಟೀ, ಆಮೇಲೆ ಹಿಮೋಗ್ಲೋಬಿನ್ ಲೆಕ್ಕ

ನಮ್ಮ ಗುಂಪಿನ ಒಬ್ಬ ಗೆಳತಿಗೆ ಮೊದಲ ವರ್ಷದಲ್ಲಿ ರಕ್ತಹೀನತೆ ಇತ್ತು. ಮೂರು ತಿಂಗಳು ಕಬ್ಬಿಣದ ಮಾತ್ರೆ ತಗೊಂಡ್ಲು, ಹಿಮೋಗ್ಲೋಬಿನ್ 12.1ಕ್ಕೆ ಬಂತು, ಮಾತ್ರೆ ನಿಲ್ಲಿಸಿದ್ಲು. ಆರು ತಿಂಗಳ ನಂತರ ಮತ್ತೆ ಟೆಸ್ಟ್ ಮಾಡಿಸಿದ್ರೆ 11.3. ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆ ಅಂದ್ರೆ ರಕ್ತಹೀನತೆ ಅಂತಲೇ ಲೆಕ್ಕ. ಏನು ತಿಂತೀಯಮ್ಮಾ ಅಂತ ಡಾಕ್ಟರ್ ಕೇಳಿದ್ರು. ಇವಳು ಸೊಪ್ಪು, ಬೇಳೆ, ರಾಗಿ ಎಲ್ಲಾ ಹೇಳಿದ್ಲು. ಅವರ ಎರಡನೇ ಪ್ರಶ್ನೆ, "ಟೀ ಯಾವಾಗ ಕುಡೀತೀಯ?" ಬೆಳಗ್ಗೆ ತಿಂಡಿ ಜೊತೆ ಒಂದು, ಮಧ್ಯಾಹ್ನ ಊಟ ಮುಗಿದ ತಕ್ಷಣ ಇನ್ನೊಂದು. ಹಾಸ್ಟೆಲಿನಲ್ಲಿ ನಾವೆಲ್ಲಾ ಹಾಗೇ ಅಲ್ವಾ?

ಟೀಗೂ ಕಬ್ಬಿಣಕ್ಕೂ ಏನು ಸಂಬಂಧ ಅಂತ ನಾವು ಕೂತು ಓದಿದೆವು. ಟೀಯಲ್ಲಿ ಒಗರು ಕೊಡುವ ಪಾಲಿಫೀನಾಲ್‌ಗಳಿವೆ. ಸೊಪ್ಪು, ಕಾಳು, ಧಾನ್ಯದ ಕಬ್ಬಿಣ ಹೊಟ್ಟೆಯಲ್ಲಿ ಇವುಗಳ ಜೊತೆ ಸೇರಿದರೆ ಎರಡೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಕಬ್ಬಿಣವನ್ನು ಕರುಳು ಹೀರಿಕೊಳ್ಳಲಾರದು, ಅದು ಹಾಗೇ ಹೊರಗೆ ಹೋಗುತ್ತೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಕಪ್ಪು ಮಸಿ ಮಾಡ್ತಿದ್ದರು. ಅನ್ನಭೇದಿ ಅಂದ್ರೆ ಕಬ್ಬಿಣದ ಲವಣ. ಅಳಲೆಕಾಯಿಯ ಒಗರು ಕಬ್ಬಿಣವನ್ನು ಹಿಡಿದುಕೊಂಡಾಗ ಆ ಕಪ್ಪು ಬಣ್ಣ ಬರುತ್ತೆ. ನಮ್ಮ ಹೊಟ್ಟೆಯಲ್ಲಿ ನಡೆಯೋದೂ ಹೆಚ್ಚುಕಮ್ಮಿ ಅದೇ. ಮಾಂಸದಲ್ಲಿರುವ ಹೀಮ್ ಕಬ್ಬಿಣಕ್ಕೆ ಮಾತ್ರ ಈ ತೊಂದರೆ ಅಷ್ಟಿಲ್ಲ.

ಎಷ್ಟು ಕಡಿಮೆ ಆಗುತ್ತೆ ಅನ್ನೋದನ್ನ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೇ ಅಳೆದಿದ್ದಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಯುವತಿಯರಿಗೆ ಗುರುತು ಹಾಕಿದ ಕಬ್ಬಿಣ ಸೇರಿಸಿದ ಅನ್ನದ ಊಟ ಕೊಟ್ಟರು. ಜೊತೆಗೆ ಒಂದು ಕಪ್ ಟೀ ಕುಡಿದರೆ ಹೀರಿಕೆ ಸುಮಾರು ಅರ್ಧಕ್ಕೆ ಇಳಿಯಿತು, ಎರಡು ಕಪ್ ಕುಡಿದರೆ ಮೂರನೇ ಒಂದು ಭಾಗಕ್ಕೆ. ಕಬ್ಬಿಣದ ಕೊರತೆ ಇದ್ದವರ ಕರುಳು ಆರೋಗ್ಯವಂತರಿಗಿಂತ ಹೆಚ್ಚು ಕಬ್ಬಿಣ ಎಳೆದುಕೊಳ್ಳುತ್ತಿತ್ತು, ನಿಜ. ಆದ್ರೆ ಟೀ ಹೊಡೆತ ಅವರಿಗೂ ಬಿತ್ತು.

ಈಗ ಗೆಳತಿಯ ಲೆಕ್ಕ. ನಾವು ಎಂಜಿನಿಯರಿಂಗ್‌ನವರು, ಅಂದಾಜು ಲೆಕ್ಕ ಹಾಕದೆ ಬಿಡೋದಿಲ್ಲ! ಊಟ ತಿಂಡಿ ಎಲ್ಲಾ ಸೇರಿ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣ ಹೋಗುತ್ತೆ, ಅದರಲ್ಲಿ ಶೇಕಡ 10 ಸೇರುತ್ತೆ ಅಂದುಕೊಳ್ಳೋಣ. ಅಂದ್ರೆ 1.5 ಮಿಲಿಗ್ರಾಂ. ಮುಟ್ಟಿನ ರಕ್ತವೂ ಸೇರಿ ಅವಳ ದಿನದ ಖರ್ಚೂ ಸುಮಾರು ಅಷ್ಟೇ. ಮೂರು ಹೊತ್ತಿನಲ್ಲಿ ಎರಡು ಹೊತ್ತು ಟೀ ಬಂದು ಅರ್ಧರ್ಧ ಕಿತ್ತುಕೊಂಡರೆ ಉಳಿಯೋದು 1 ಮಿಲಿಗ್ರಾಂ. ದಿನಕ್ಕೆ 0.5 ಸಾಲ, 180 ದಿನಕ್ಕೆ 90 ಮಿಲಿಗ್ರಾಂ. ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಬೇಕು, ಹಾಗಾಗಿ ಕೊರತೆ 26 ಗ್ರಾಂ. ಅವಳ ಮೈಯಲ್ಲಿ ಮೂರೂವರೆ ಲೀಟರ್, ಅಂದ್ರೆ 35 ಡೆಸಿಲೀಟರ್ ರಕ್ತ. ಭಾಗಿಸಿದರೆ 0.75. 12.1ರಿಂದ ಕಳೆದರೆ 11.35!

ಇಷ್ಟು ಸರಿಯಾಗಿ ಕೂತಿದ್ದು ಸ್ವಲ್ಪ ಅದೃಷ್ಟ ಅಂತ ನಾವೇ ಒಪ್ಪಿಕೊಳ್ತೀವಿ. ಯಾಕಂದ್ರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಇದ್ದಿದ್ದರೆ ಮೊದಲು ಅದು ಖಾಲಿ ಆಗಬೇಕಿತ್ತು, ಹಿಮೋಗ್ಲೋಬಿನ್ ಆಮೇಲೆ ಇಳಿಯೋದು. ಇವಳು ಹಿಮೋಗ್ಲೋಬಿನ್ ಸರಿಹೋದ ಕೂಡಲೇ ಮಾತ್ರೆ ಬಿಟ್ಟಿದ್ದಳು, ದಾಸ್ತಾನು ತುಂಬಿರಲೇ ಇಲ್ಲ. ಅದನ್ನ ತೋರಿಸೋದು ಫೆರಿಟಿನ್ ಟೆಸ್ಟ್. ಡಾಕ್ಟರ್ ಈಗ ಅದನ್ನೂ ಬರೆದಿದ್ದಾರೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗ್ತಿದೆಯಾ, ಜಂತುಹುಳ ಇದೆಯಾ ಅಂತಲೂ ನೋಡ್ತಿದ್ದಾರೆ. ಎಲ್ಲಾ ತಪ್ಪನ್ನೂ ಟೀ ಮೇಲೆ ಹಾಕೋಕಾಗಲ್ಲ.

"ಹಾಗಾದ್ರೆ ನಾನು ಹರ್ಬಲ್ ಟೀಗೆ ಹೋಗ್ತೀನಿ, ಅದರಲ್ಲಿ ಕೆಫೀನ್ ಇಲ್ವಲ್ಲಾ" ಅಂದ್ಲು ಅವಳು. ನಮಗೂ ಸರಿ ಅನ್ನಿಸಿತ್ತು. ಆದ್ರೆ ಇಲ್ಲಿ ಕಳ್ಳ ಕೆಫೀನ್ ಅಲ್ಲವೇ ಅಲ್ಲ. ಸ್ವಿಟ್ಜರ್ಲೆಂಡಿನ ಹರೆಲ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ರೆಡ್ ಜೊತೆ ಪೆಪ್ಪರ್‌ಮಿಂಟ್ ಟೀ ಕುಡಿದವರಲ್ಲಿ ಹೀರಿಕೆ ಶೇಕಡ 84ರಷ್ಟು ಕಡಿಮೆಯಾಗಿತ್ತು, ಅಂದ್ರೆ ಕಪ್ಪು ಟೀಗೆ ಸರಿಸಮ. ಕ್ಯಾಮೊಮೈಲ್‌ನಲ್ಲಿ ಅದು ಶೇಕಡ 47. ಹಾಲು ಹಾಕಿದರೆ ತಪ್ಪುತ್ತೆ ಅನ್ನೋದಕ್ಕೂ ಅಲ್ಲಿ ಆಧಾರ ಸಿಗಲಿಲ್ಲ, ಹಾಲು ಬೆರೆಸಿದರೂ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಅಲ್ಲಿಗೆ ನಮ್ಮ ಮೆಸ್ಸಿನ ಟೀಗೂ ರಿಯಾಯಿತಿ ಇಲ್ಲ.

ಹಾಗಂತ ಟೀ ಬಿಡಬೇಕಿಲ್ಲ. ಒಗರು ಮತ್ತು ಕಬ್ಬಿಣ ಹೊಟ್ಟೆಯಲ್ಲಿ ಒಂದೇ ಸಮಯಕ್ಕೆ ಭೇಟಿ ಆಗದಿದ್ದರೆ ಸಾಕು. ಊಟ ಆಗಿ ಒಂದು ಗಂಟೆ ಬಿಟ್ಟು ಟೀ ಕೊಟ್ಟು ನೋಡಿದ ಇನ್ನೊಂದು ಪ್ರಯೋಗದಲ್ಲಿ ನಷ್ಟ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಅದಕ್ಕೇ ನಾವು ಎರಡು ಗಂಟೆ ಅಂತ ಇಟ್ಟುಕೊಂಡಿದ್ದೀವಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ವಿಟಮಿನ್ ಸಿ ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತೆ, ಕಬ್ಬಿಣವನ್ನು ಕರಗಿದ ರೂಪದಲ್ಲಿ ಇಡುತ್ತೆ. ಬೇಯಿಸುವಾಗ ಹಾಕಿದರೆ ಬಿಸಿಗೆ ಒಂದಷ್ಟು ಹಾಳಾಗುತ್ತೆ, ಆದ್ದರಿಂದ ತಟ್ಟೆಗೆ ಬಂದಮೇಲೆ ಹಿಂಡಬೇಕು.

ಗೆಳತಿ ಮತ್ತೆ ಮಾತ್ರೆ ಶುರು ಮಾಡಿದ್ದಾಳೆ, ನೀರಿನ ಜೊತೆ ನುಂಗ್ತಾಳೆ. ಮಧ್ಯಾಹ್ನದ ಟೀ ಈಗ ಲ್ಯಾಬ್ ಮುಗಿದ ಮೇಲೆ, ನಾಲ್ಕೂವರೆಗೆ. ಒಂದೇ ಕಷ್ಟ, ಆ ಹೊತ್ತಿಗೆ ಕ್ಯಾಂಟೀನಿನಲ್ಲಿ ಬಜ್ಜಿ ಖಾಲಿ ಆಗಿರುತ್ತೆ.