ಡಕ್ಟ್ ಒಂದೇ, ಕೌಂಟರ್ ಹತ್ತು

ಮಗೂ, ಬೆಂಗಳೂರಿನ ಮಾಲ್‌ನಲ್ಲಿ ಫುಡ್ ಕೋರ್ಟ್ ಕೌಂಟರ್ ಹಿಡಿದಿದ್ದೀಯ ಅಂತ ಕೇಳಿ ಸಂತೋಷವಾಯಿತು. ಬಾಡಿಗೆ, ಮೆನು, ಡೆಲಿವರಿ ಆ್ಯಪ್‌ನವರ ಕಮಿಷನ್, ಇದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಮಾಲ್ ಮೇಂಟೆನೆನ್ಸ್‌ನಲ್ಲೇ ತಲೆ ನರೆಸಿಕೊಂಡವನು. ನಿನ್ನ ತಲೆಯ ಮೇಲೆ, ಫಾಲ್ಸ್ ಸೀಲಿಂಗಿನೊಳಗೆ ಏನಿದೆ ಅನ್ನುವುದನ್ನು ಹೇಳುತ್ತೇನೆ, ಸ್ವಲ್ಪ ಕೇಳು.

ಅಲ್ಲಿರುವುದು ತಗಡಿನ ಒಂದು ದೊಡ್ಡ ಡಕ್ಟ್. ಸಾಲಿನಲ್ಲಿರುವ ಹತ್ತು ಕೌಂಟರ್‌ಗಳ ಹುಡ್‌ಗಳೂ ಅದಕ್ಕೇ ಸೇರುತ್ತವೆ. ಎಲ್ಲರ ಹೊಗೆಯನ್ನೂ ಟೆರೇಸಿನ ಮೇಲಿನ ಒಂದೇ ಫ್ಯಾನ್ ಎಳೆಯುತ್ತದೆ. ನೀನು ಇಡ್ಲಿ ದೋಸೆ ಮಾತ್ರ ಮಾಡುತ್ತಿರಬಹುದು. ಆದರೆ ಪಕ್ಕದ ಚೈನೀಸ್ ಕೌಂಟರಿನ ಎಣ್ಣೆ ಆವಿ ನಿನ್ನ ತಲೆಯ ಮೇಲೆಯೇ ಹಾದು, ತಣ್ಣಗಾಗಿ, ತಗಡಿಗೆ ಜಿಡ್ಡಾಗಿ ಅಂಟುತ್ತದೆ. ಅವರ ಬಾಣಲೆಯಿಂದ ಎದ್ದ ಉರಿ ಜಿಡ್ಡು ತುಂಬಿದ ಫಿಲ್ಟರ್ ದಾಟಿತೆಂದರೆ, ಉಳಿದದ್ದನ್ನು ಫ್ಯಾನೇ ಮಾಡುತ್ತದೆ. ಬೆಂಕಿಯನ್ನು ಡಕ್ಟಿನುದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ತಗಡು ಕಾಯುತ್ತದೆ, ಅದಕ್ಕೆ ತಾಗಿಕೊಂಡ ವೈರು, ಸೀಲಿಂಗ್ ಬೋರ್ಡು ಹೊತ್ತಿಕೊಳ್ಳುತ್ತವೆ. ಕೆಳಗೆ ನಿಂತ ನಿನಗೆ ಉರಿ ಕಾಣುವುದೇ ಇಲ್ಲ. ಒಲೆ ಆರಿಸಿದ ಮೇಲೂ ನಿನ್ನ ಹುಡ್‌ನಿಂದ ಸೀದ ಎಣ್ಣೆಯ ವಾಸನೆ ಬಂದರೆ, ತಗಡು ಟಿಕ್ ಟಿಕ್ ಅಂದರೆ, ಸೀಲಿಂಗ್ ಬಣ್ಣ ಗುಳ್ಳೆ ಎದ್ದರೆ, ಬೆಂಕಿ ಮೇಲೆ ಓಡುತ್ತಿದೆ ಅಂತಲೇ ತಿಳಿದುಕೋ. ಕುರ್ಚಿ ಹತ್ತಿ ಬೋರ್ಡು ಸರಿಸಿ ನೋಡುವ ಹೊತ್ತಲ್ಲ ಅದು. ಗ್ಯಾಸ್ ವಾಲ್ವ್ ಮುಚ್ಚು, ಅಲಾರಂ ಒತ್ತು, ಜನರನ್ನು ಎಬ್ಬಿಸು. ಮೇಲಿನ ಫ್ಯಾನ್ ನಿಲ್ಲಬೇಕೋ ಓಡಬೇಕೋ ಅನ್ನುವುದನ್ನು ವ್ಯವಸ್ಥೆ ಮಾಡುವಾಗಲೇ ನಿರ್ಧರಿಸಿರುತ್ತಾರೆ. ನಿಮ್ಮ ಮಾಲ್‌ನಲ್ಲಿ ಹೇಗೆ ಅಂತ ಇವತ್ತೇ ಕೇಳಿಟ್ಟುಕೋ.

ಡಕ್ಟ್ ಕ್ಲೀನಿಂಗ್ ಆಗಿದೆ ಅಂತ ಮಾಲ್‌ನವರು ಸರ್ಟಿಫಿಕೇಟ್ ತೋರಿಸುತ್ತಾರೆ. ಅಷ್ಟಕ್ಕೇ ಸುಮ್ಮನಾಗಬೇಡ. ತಿರುವು ಇರುವಲ್ಲೆಲ್ಲ, ನೇರ ಓಟದಲ್ಲೂ ಹತ್ತು ಹನ್ನೆರಡು ಅಡಿಗೊಂದರಂತೆ, ಕೈ ಹಾಕಿ ಕೆರೆಯಲು ಬಾಗಿಲುಗಳಿರಬೇಕು. ಹುಡ್‌ನಿಂದ ಕೈಗೆಟುಕುವಷ್ಟನ್ನು ಒರೆಸಿ, ಮುಂದಿನದನ್ನು ಹಾಗೇ ಬಿಡುವುದು ಈ ಕೆಲಸದಲ್ಲಿ ಮಾಮೂಲು. ಆದ್ದರಿಂದ ನಿನ್ನ ಕೌಂಟರಿನಾಚೆಯ ಎರಡನೇ, ಮೂರನೇ ಬಾಗಿಲಿನೊಳಗಿನ ಫೋಟೋ ಕೇಳು. ಹಗಲೂ ರಾತ್ರಿ ಬಾಣಲೆ ಉರಿಯುವ ಸಾಲಾದರೆ ಮೂರು ತಿಂಗಳಿಗೊಮ್ಮೆಯಾದರೂ ಒಳಗೆ ನೋಡಬೇಕು. ಜಿಡ್ಡು 2 ಮಿ.ಮೀ. ದಪ್ಪ ಕಟ್ಟಿದ್ದರೆ ತಡಮಾಡದೆ ಕೆರೆಯಬೇಕು. ತಂದೂರಿ ಇದ್ದಿಲ ಒಲೆಯ ಹೊಗೆಯನ್ನೂ ಇದೇ ಡಕ್ಟಿಗೆ ಬಿಟ್ಟಿದ್ದರೆ ಗಟ್ಟಿಯಾಗಿ ಬೇಡ ಅನ್ನು. ಇದ್ದಿಲು ಕಿಡಿ ಹಾರಿಸುತ್ತದೆ, ಅದರ ದಾರಿ ಬೇರೆಯೇ ಇರಬೇಕು.

ಈಗ ಅಂಗಡಿ ಮುಚ್ಚುವ ಹೊತ್ತಿಗೆ ಬರೋಣ. ನನಗೆ ಯಾವತ್ತೂ ಎದೆ ಹೊಡೆದುಕೊಳ್ಳುತ್ತಿದ್ದುದು ಆಗಲೇ. ರಾತ್ರಿ ಹತ್ತೂವರೆ. ಹುಡುಗ ಬೇಗ ಮನೆಗೆ ಹೋಗಬೇಕೆಂದು ಹುಡ್‌ನ ಫಿಲ್ಟರ್‌ಗಳನ್ನು ಕಳಚಿ ತೊಳೆಯಲು ಒಯ್ಯುತ್ತಾನೆ. ಅಷ್ಟರಲ್ಲಿ ಕೊನೆಯ ಆರ್ಡರ್ ಬರುತ್ತದೆ. ಫ್ರೈಯರ್ ಇನ್ನೂ ಕಾದಿದೆ, ಕರಿದು ಕೊಡುತ್ತಾರೆ. ಆ ಹತ್ತು ನಿಮಿಷ ಎಣ್ಣೆ ಆವಿ ಅಡೆತಡೆಯಿಲ್ಲದೆ ನೇರ ಡಕ್ಟಿಗೆ. ಉರಿ ಎದ್ದರೆ ಅದನ್ನು ತಡೆಯಲು ಫಿಲ್ಟರೂ ಇಲ್ಲ. ಜೊತೆಗೆ, ಫಿಲ್ಟರ್ ಇಲ್ಲದ ಹುಡ್‌ನಿಂದ ಗಾಳಿ ಸಲೀಸಾಗಿ ನುಗ್ಗುವುದರಿಂದ ಫ್ಯಾನಿನ ಎಳೆತವೆಲ್ಲ ಅಲ್ಲಿಗೇ ಹೋಗಿ, ಪಕ್ಕದವರ ಹುಡ್‌ಗಳು ಹೊಗೆ ಕಕ್ಕಲು ಶುರುಮಾಡುತ್ತವೆ. ಇನ್ನು ಹನ್ನೊಂದಕ್ಕೆ ಸರಿಯಾಗಿ ಟೈಮರ್ ಫ್ಯಾನನ್ನು ನಿಲ್ಲಿಸಿಬಿಟ್ಟರೆ, ಹತ್ತು ಹುಡ್‌ಗಳಲ್ಲಿ ಯಾವುದರ ಹೊಗೆ ಯಾವುದರಿಂದ ಹೊರಬರುತ್ತದೋ ಹೇಳಲಾಗದು. ನಿನ್ನ ಕೌಂಟರಿನಲ್ಲಿ ಕ್ರಮ ಹೀಗಿರಲಿ. ಮೊದಲು ಫ್ರೈಯರ್ ಆಫ್, ಗ್ಯಾಸ್ ಬಂದ್. ಎಣ್ಣೆಯಿಂದ ಆವಿ ಏಳುವುದು ನಿಲ್ಲುವವರೆಗೆ ಫ್ಯಾನ್ ಓಡಲಿ. ಫಿಲ್ಟರ್ ಕಳಚುವುದು ಕಟ್ಟಕಡೆಗೆ. ಟೈಮರನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿಸಿಕೋ, ಅದು ಕಷ್ಟದ ಕೆಲಸವಲ್ಲ.

ಫ್ರೈಯರ್‌ನ ಎಣ್ಣೆಯನ್ನು ಸಾಮಾನ್ಯವಾಗಿ 180 ಡಿಗ್ರಿಯ ಸುತ್ತ ಇಟ್ಟಿರುತ್ತಾರೆ. ಥರ್ಮೋಸ್ಟಾಟ್ ಕೆಟ್ಟು ಕಾಯುತ್ತಲೇ ಹೋದರೆ, ಕಿಡಿ ತಾಗದಿದ್ದರೂ ತಾನೇ ಹೊತ್ತಿಕೊಳ್ಳುವ ಮಟ್ಟಕ್ಕೆ ಮುಟ್ಟುತ್ತದೆ. ನೀರು ಹಾಕಿದರೆ ಅದು ಎಣ್ಣೆಯ ಕೆಳಗಿಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನೆಲ್ಲ ಮೇಲಕ್ಕೆ ಚಿಮ್ಮಿಸುತ್ತದೆ. ಹುಡ್‌ನೊಳಗಿನ ವೆಟ್ ಕೆಮಿಕಲ್ ನಾಜಲ್‌ಗಳು ಇರುವುದು ಇದಕ್ಕೇ. ಆ ದ್ರಾವಣ ಕಾದ ಎಣ್ಣೆಯ ಮೇಲೆ ಸೋಪಿನಂಥ ಪದರ ಕಟ್ಟಿ, ಗಾಳಿ ತಗುಲದಂತೆ ಮಾಡಿ, ತಣಿಸುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಪ್ರತಿ ನಾಜಲ್ ಗುರಿ ಇಟ್ಟಿರುವುದು ಒಂದೊಂದು ಒಲೆಗೆ, ಒಂದೊಂದು ಫ್ರೈಯರ್‌ಗೆ. ನೆಲ ತೊಳೆಯಲು ಫ್ರೈಯರ್ ಎಳೆದು, ಒಂದಡಿ ಆಚೆ ನಿಲ್ಲಿಸಿದರೆ ದ್ರಾವಣ ಬೀಳುವುದು ಖಾಲಿ ಟೇಬಲ್ ಮೇಲೆ. ಅದಕ್ಕೇ ಫ್ರೈಯರ್‌ನ ನಾಲ್ಕು ಗಾಲಿಗಳ ಜಾಗಕ್ಕೂ ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿಸು. ಗಾಲಿ ಗುರುತಿನ ಮೇಲಿದೆಯಾ ಅಂತ ಬೆಳಿಗ್ಗೆ ಒಲೆ ಹಚ್ಚುವ ಮೊದಲು ನೋಡು.

ನಡುವಿನ ಕಿಯಾಸ್ಕ್‌ಗಳ ಬಗ್ಗೆ ಎರಡೇ ಮಾತು. ಪಾಪ್‌ಕಾರ್ನ್, ವಾಫಲ್ ಮಾರುವ ಅವಕ್ಕೆ ಹುಡ್ ಇರುವುದಿಲ್ಲ, ಆದ್ದರಿಂದ ಅಲ್ಲಿ ಕರಿಯಲು ಬಿಡಬಾರದು. ಅಗಲವಾದ ಛಾವಣಿ ಕಟ್ಟಿಕೊಂಡರೆ ಸ್ಪ್ರಿಂಕ್ಲರ್ ನೀರು ಒಳಗಿನ ಬೆಂಕಿಗೆ ತಲುಪುವುದೇ ಇಲ್ಲ. ರಾತ್ರಿ ಪ್ಲಾಸ್ಟಿಕ್ ಹೊದಿಕೆ ಮುಚ್ಚಿ ಹೋಗುವಾಗ, ಅದರಡಿ ಯಾವ ಹೀಟರ್ ಪ್ಲಗ್ಗಿನಲ್ಲೇ ಉಳಿದಿದೆ ಅಂತ ಯಾರಾದರೊಬ್ಬರು ನೋಡಲೇಬೇಕು.

ಪರಾಗ್ವೆ ದೇಶದ ಅಸುನ್ಸಿಯಾನ್‌ನಲ್ಲಿ 2004ರ ಆಗಸ್ಟ್ 1ರಂದು ಇಕುವಾ ಬೊಲಾನ್ಯೋಸ್ ಎಂಬ ದೊಡ್ಡ ಸೂಪರ್‌ಮಾರ್ಕೆಟ್ ಹೊತ್ತಿ ಉರಿಯಿತು. ಅದರೊಳಗೂ ಫುಡ್ ಕೋರ್ಟ್ ಇತ್ತು. ಮಾಂಸ ಸುಡುವ ಒಲೆಯ ಚಿಮಣಿ ಕೆಟ್ಟಿದ್ದರಿಂದ ಬಿಸಿ ಹೊಗೆ ಸೀಲಿಂಗಿನೊಳಗೆ ಸೋರಿ, ಅಲ್ಲಿ ಬೆಂಕಿಯಾಯಿತು. ಜನ ದುಡ್ಡು ಕೊಡದೆ ಸಾಮಾನು ಹೊತ್ತು ಓಡಿಯಾರೆಂದು ಬಾಗಿಲು ಹಾಕಿಸಿದರು ಅಂತ ಬದುಕುಳಿದವರು ಹೇಳಿದರು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮಾಲೀಕರಿಗೂ ಕಾವಲುಗಾರನೊಬ್ಬನಿಗೂ ಜೈಲಾಯಿತು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು ಒಂಬತ್ತು ಜೀವ ಹೋಯಿತು. ಅಲ್ಲಿ ಮುಖ್ಯ ಶತ್ರು ಹೊಗೆಯೇ.

ಮುಚ್ಚುವ ಹೊತ್ತಿನಲ್ಲಿ ಮಾಲ್‌ಗಳು ಮಾಡುವುದೂ ಬಾಗಿಲು ಹಾಕುವುದನ್ನೇ. ಅಂಗಡಿಗಳ ಶಟರ್ ಇಳಿದಿರುತ್ತದೆ, ಎಸ್ಕಲೇಟರ್ ನಿಂತಿರುತ್ತದೆ, ಸೆಕ್ಯೂರಿಟಿಯವರು ಅರ್ಧದಷ್ಟಾಗಿರುತ್ತಾರೆ. ಆದರೆ ಮೇಲೆ ಸಿನಿಮಾದ ಕೊನೆಯ ಆಟ ಬಿಟ್ಟ ಜನ ಇಳಿಯುತ್ತಿರುತ್ತಾರೆ. ಹೆದರಿದ ಜನ ಬಂದ ಬಾಗಿಲಿಗೇ ಓಡುತ್ತಾರೆ, ಅದು ಆಗಲೇ ಮುಚ್ಚಿರುತ್ತದೆ. ನಿನ್ನ ಹುಡುಗರು ಹಿಂಭಾಗದ ಕಾರಿಡಾರ್‌ನಲ್ಲಿ, ಎಣ್ಣೆ ಡಬ್ಬಿ, ರಟ್ಟಿನ ಪೆಟ್ಟಿಗೆಗಳ ನಡುವೆ ಪಾತ್ರೆ ತೊಳೆಯುತ್ತಿರುತ್ತಾರೆ.

ಒಂದು ರಾತ್ರಿ ಹನ್ನೊಂದು ಗಂಟೆಗೆ ನೀನೇ ನಡೆದು ನೋಡು. ಕೌಂಟರಿನ ಹಿಂಬಾಗಿಲಿನಿಂದ ಹೊರಟು, ಕಾರಿಡಾರ್ ದಾಟಿ, ತುರ್ತು ಮೆಟ್ಟಿಲು ಇಳಿದು, ಬೀದಿಯ ಗಾಳಿ ಮುಖಕ್ಕೆ ತಾಗುವವರೆಗೆ. ಪ್ರತಿ ಬಾಗಿಲಿನ ಅಡ್ಡ ಸರಳನ್ನು ಒತ್ತಿ ನೋಡು. ಮಧ್ಯಾಹ್ನ ಸಲೀಸಾಗಿ ತೆರೆಯುವ ದಾರಿ ರಾತ್ರಿ ಎಲ್ಲಿ ಕೈಕೊಡುತ್ತದೆ ಗೊತ್ತಾ? ಮೆಟ್ಟಿಲು ಹೋಗಿ ಸೇರುವುದು ಲೋಡಿಂಗ್ ಬೇಗೆ, ಅದರ ಶಟರ್ ಹತ್ತಕ್ಕೇ ಇಳಿದಿರುತ್ತದೆ. ಒಳಗೊಬ್ಬರಾದರೂ ಇರುವವರೆಗೆ ಆ ಶಟರ್ ಮೇಲೇ ಇರಲಿ, ಇಲ್ಲವೇ ಪಕ್ಕದಲ್ಲಿ ಕೀಲಿ ಬೇಡದ ಬಾಗಿಲಿರಲಿ ಅಂತ ಮಾಲ್ ಮ್ಯಾನೇಜರ್‌ಗೆ ಬರೆದು ಕೊಡು, ಬಾಕಿ ಒಂಬತ್ತು ಕೌಂಟರಿನವರ ಸಹಿಯನ್ನೂ ಹಾಕಿಸು. ವಾರದೊಳಗೆ ಉತ್ತರ ಬರದಿದ್ದರೆ ಅದೇ ಕಾಗದದ ಪ್ರತಿಯನ್ನು ನಿಮ್ಮ ಭಾಗದ ಅಗ್ನಿಶಾಮಕ ಠಾಣೆಗೆ ಕೊಟ್ಟು, ಸೀಲು ಹಾಕಿಸಿಕೊಂಡು ಬಾ.